ಅವ್ವನ ಮುಷ್ಟಿ ಮತ್ತು ತಕ್ಕಡಿ

ಹೋದ ವರ್ಷ ನಮ್ಮ ವೈನಿಯವರ ಸಂಘಕ್ಕೆ ಮೊದಲ ದೊಡ್ಡ ಆರ್ಡರ್ ಬಂತು. ಪಟ್ಟಣದ ಒಂದು ಅಂಗಡಿಯವರು 12 ಕೆಜಿ ಶೇಂಗಾ ಚಟ್ನಿ ಪುಡಿ ಕೇಳಿದ್ದರು. 200 ಗ್ರಾಮಿನ 60 ಪ್ಯಾಕೆಟ್ ಹೋದವು. ತಿಂಗಳು ತುಂಬುವುದರೊಳಗೆ 41 ವಾಪಸ್ ಬಂದವು. ಸಂಘದ ಸಾಲದ ಕಂತು ಕಟ್ಟಲು ಇಟ್ಟುಕೊಂಡಿದ್ದ ಲೆಕ್ಕವೆಲ್ಲ ತಲೆಕೆಳಗಾಯಿತು.

ಪುಡಿ ನಮ್ಮ ಅವ್ವನ ಕೈಯದು. ಮೂವತ್ತು ವರ್ಷದಿಂದ ಮನೆಯಲ್ಲಿ ಒಮ್ಮೆಯೂ ಕೆಡದ ಪುಡಿ 12 ಕೆಜಿ ಮಾಡಿದಾಗ ಮಾತ್ರ ಯಾಕೆ ಕೆಟ್ಟಿತು? ಸುದ್ದಿಗೆ ಹೋದಾಗ ಹೇಗೆ ಒಂದೊಂದೇ ವಿಚಾರಿಸುತ್ತೇನೋ ಹಾಗೆಯೇ 41 ಪ್ಯಾಕೆಟ್ ಒಡೆದು ಕೂತೆ.

ಎರಡು ಗುಂಪಾದವು. ಮೊದಲನೆಯದರಲ್ಲಿ ಪುಡಿ ಗಂಟು ಕಟ್ಟಿತ್ತು. ಗಂಟು ಒಡೆದರೆ ನಡುವೆ ಬೆಳ್ಳುಳ್ಳಿ ಚೂರು, ಅದರ ಸುತ್ತ ಬೂಷ್ಟು. ಎರಡನೆಯದರಲ್ಲಿ ಪುಡಿ ನೋಡಲು ಚೆನ್ನಾಗಿತ್ತು, ಆದರೆ ಮೂಗಿಗೆ ಹಿಡಿದರೆ ಹಳೆ ಎಣ್ಣೆಯ ಕಮಟು ವಾಸನೆ. ಗಂಟು ಮತ್ತು ಬೂಷ್ಟು ಬಂದರೆ ಒಳಗೆ ನೀರು ಇದೆ ಎಂದರ್ಥ. ಕಮಟು ಬಂದರೆ ಶೇಂಗಾದ ಎಣ್ಣೆ ಗಾಳಿ, ಬಿಸಿ, ಬೆಳಕಿಗೆ ಸಿಕ್ಕು ಕೆಟ್ಟಿದೆ ಎಂದರ್ಥ. ಎರಡೂ ಬೇರೆ ಬೇರೆ ರೋಗ, ಔಷಧವೂ ಬೇರೆ.

ಅದಕ್ಕೂ ಮೊದಲು ಅವ್ವ ಏನೇನು ಎಷ್ಟು ಹಾಕುತ್ತಾಳೆಂಬುದೇ ನಮಗೆ ಗೊತ್ತಿರಲಿಲ್ಲ. ಕೇಳಿದರೆ, 'ಅಳದು ಹಾಕಾಕ ಬರೂದಿಲ್ಲಪ ನನಗ, ಕೈಗೆ ಗೊತ್ತೈತಿ' ಎಂದಳು. ಮುಷ್ಟಿಯಲ್ಲಿದ್ದದ್ದನ್ನು ತೂಗಲು ಹೋದರೆ ಅವಳ ಕೈ ಹಿಂಜರಿಯುತ್ತಿತ್ತು. ಆಗ ಒಂದು ಉಪಾಯ ಮಾಡಿದೆವು. ಮುಷ್ಟಿ ಬಿಟ್ಟು ಡಬ್ಬಿ ತೂಗಿದೆವು. ಉಪ್ಪಿನ ಡಬ್ಬಿ, ಖಾರದ ಡಬ್ಬಿ, ಜೀರಿಗೆ ಡಬ್ಬಿಯನ್ನು ಅವಳು ಕೆಲಸ ಶುರು ಮಾಡುವ ಮೊದಲು ತೂಗಿ ಬರೆದುಕೊಳ್ಳುವುದು, ಮುಗಿದ ಮೇಲೆ ಮತ್ತೆ ತೂಗುವುದು. ಕಡಿಮೆಯಾದಷ್ಟು ಅವಳು ಹಾಕಿದ್ದು. ಐದು ಸಲ ಹೀಗೆ ಮಾಡಿ ಸರಾಸರಿ ತೆಗೆದೆವು. ಹುರಿದು ಸಿಪ್ಪೆ ತೆಗೆದ 1 ಕೆಜಿ ಶೇಂಗಾಕ್ಕೆ ಖಾರದ ಪುಡಿ 70 ಗ್ರಾಂ, ಹಸಿ ಬೆಳ್ಳುಳ್ಳಿ 90, ಉಪ್ಪು 38, ಜೀರಿಗೆ 18. ಬೆಲ್ಲ, ಹುಣಸೆ ನಮ್ಮ ಮನೆಯಲ್ಲಿ ಹಾಕುವುದಿಲ್ಲ. 'ಹುರಿದು ಸಿಪ್ಪೆ ತೆಗೆದ' ಎಂಬ ಮಾತು ಮರೆಯಬೇಡಿ. ಹಸಿ ಶೇಂಗಾ ಹುರಿದು, ಸಿಪ್ಪೆ ತೂರಿ, ಆರಿಸುವಷ್ಟರಲ್ಲಿ ತೂಕ ಇಳಿಯುತ್ತದೆ. ಹಸಿ ಕಾಳಿನ ತೂಕಕ್ಕೆ ಉಪ್ಪು ಲೆಕ್ಕ ಹಾಕಿದರೆ ಪುಡಿ ಉಪ್ಪಾಗುತ್ತದೆ.

ಈ ಲೆಕ್ಕ ನೋಡಿದಾಗಲೇ ನೀರು ಎಲ್ಲಿಂದ ಬಂತೆಂದು ತಿಳಿಯಿತು. ಹಸಿ ಬೆಳ್ಳುಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಮನೆಯಲ್ಲಿ ಆ ಪುಡಿ ಹತ್ತು ದಿನದಲ್ಲಿ ಖಾಲಿಯಾಗುತ್ತದೆ, ದಿನಾ ಮುಚ್ಚಳ ತೆಗೆಯುವುದರಿಂದ ಸ್ವಲ್ಪ ಆರುತ್ತಲೂ ಇರುತ್ತದೆ. ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ ನೀರಿಗೆ ಹೋಗಲು ದಾರಿಯಿಲ್ಲ. ಹಾಗಂತ ಬೆಳ್ಳುಳ್ಳಿ ಬಿಟ್ಟರೆ ಅದು ಅವ್ವನ ಚಟ್ನಿಯಲ್ಲ.

ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ, ತೆಳು ಬಟ್ಟೆ ಮುಚ್ಚಿ, ಬೇಸಿಗೆ ಬಿಸಿಲಿಗೆ ಒಣಗಿಸಿದೆವು. ಬೆರಳಲ್ಲಿ ಬಾಗಿಸಿದರೆ ಪಟ್ ಎಂದು ಮುರಿಯಬೇಕು. ಬಾಗಿದರೆ ಇನ್ನೂ ನೀರಿದೆ. 90 ಗ್ರಾಂ ಬೆಳ್ಳುಳ್ಳಿ 35ಕ್ಕೆ ಇಳಿಯಿತು. ಮೊದಲ ಸಲ ಅವಸರಕ್ಕೆ ಬಾಣಲೆಯಲ್ಲಿ ಹುರಿದು ನೋಡಿದ್ದೆವು, ಘಾಟೇ ಸತ್ತುಹೋಗಿತ್ತು. ಬೆಳ್ಳುಳ್ಳಿಯ ಘಾಟು ಹುಟ್ಟಿಸುವ ಅಂಶ ಜಾಸ್ತಿ ಬಿಸಿಗೆ ಕೆಡುತ್ತದೆ. ನಿಧಾನಕ್ಕೆ ಒಣಗಿಸಿದರೆ ಅದು ಉಳಿದು, ಬಾಯಲ್ಲಿ ಎಂಜಲು ತಾಕಿದಾಗ, ಇಲ್ಲವೇ ಮೊಸರಲ್ಲಿ ಕಲಸಿದಾಗ ಮತ್ತೆ ಎದ್ದು ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಡ್ರೈಯರ್ ಇಲ್ಲದೆ ಈ ಕೆಲಸ ಆಗದು. ಡ್ರೈಯರ್ ಇದ್ದರೂ 60 ಡಿಗ್ರಿ ದಾಟಿಸಬೇಡಿ.

ಹೊಸ ಪುಡಿ ನೆಕ್ಕಿ ಅವ್ವ, 'ಉಪ್ಪು ಮುಂದಾತು' ಎಂದಳು. ಉಪ್ಪು ಅಷ್ಟೇ ಹಾಕಿದ್ದೆವಲ್ಲ! ಆಮೇಲೆ ಹೊಳೆಯಿತು. 55 ಗ್ರಾಂ ನೀರು ಹೋಗಿ ಒಟ್ಟು ತೂಕ ಕಡಿಮೆಯಾಗಿದ್ದರಿಂದ ಉಪ್ಪಿನ ಪಾಲು ಹೆಚ್ಚಿತ್ತು. 38ರಿಂದ 36ಕ್ಕೆ ಇಳಿಸಿದೆವು, ಸರಿಹೋಯಿತು. ಒಂದು ಪದಾರ್ಥ ಬದಲಿಸಿದರೆ ಉಳಿದದ್ದನ್ನೂ ಮತ್ತೆ ತೂಗಿ ನೋಡಬೇಕು.

ಇನ್ನು ಕಮಟು. ಅದಕ್ಕೆ ಕಾರಣ ಹುರಿಯುವುದರಲ್ಲಿ, ಬೀಸುವುದರಲ್ಲಿ ಮತ್ತು ಪ್ಯಾಕೆಟ್‌ನಲ್ಲಿ ಸಿಕ್ಕಿತು. ಮದುವೆ ಮನೆಯ ದೊಡ್ಡ ಬಾಣಲೆಗೆ ಎಂಟು ಕೆಜಿ ಒಮ್ಮೆಗೇ ಸುರಿದಿದ್ದರು. ತಳದ್ದು ಕರಕಾಗಿ ಮೇಲಿನದು ಹಸಿಯಾಗಿ ಉಳಿದಿತ್ತು. ಇಳಿಸಿದ ಮೇಲೂ ರಾಶಿಯ ನಡುವೆ ಬಿಸಿ ಉಳಿದು ಕಾಳು ಹುರಿಯುತ್ತಲೇ ಇತ್ತು. ಈಗ ಎಷ್ಟೇ ಆರ್ಡರ್ ಇದ್ದರೂ ಒಂದು ಸಲಕ್ಕೆ ಎರಡೇ ಕೆಜಿ, ಇಳಿಸಿದ ಕೂಡಲೇ ಬಟ್ಟೆಯ ಮೇಲೆ ತೆಳ್ಳಗೆ ಹರವುತ್ತಾರೆ. ಕಾಳು ಎರಡು ಹೋಳು ಮಾಡಿದರೆ ಒಳಗೂ ತಿಳಿ ಕಂದು ಬಣ್ಣ ಇರಬೇಕು. ಹುರಿಯುವ ಮೊದಲೇ ಸುಕ್ಕಿದ, ಕಪ್ಪಾದ, ಬೂಷ್ಟು ಹಿಡಿದ ಕಾಳು ಆರಿಸಿ ಬಿಸಾಡಬೇಕು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೆ ಪೂರ್ತಿ ಹೋಗುವುದಿಲ್ಲ.

ಅವ್ವ ಒರಳಲ್ಲಿ ಕುಟ್ಟುತ್ತಾಳೆ. ನಾವು ಗಿರಣಿಗೆ ಹಾಕಿಸಿದ್ದೆವು. ಯಂತ್ರ ಜೋರಾಗಿ ತಿರುಗಿ ಬಿಸಿಯಾಗುತ್ತದೆ, ಶೇಂಗಾ ಎಣ್ಣೆ ಬಿಡುತ್ತದೆ. ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ. ಹೊರಬಂದ ಎಣ್ಣೆಗೆ ಗಾಳಿ ತಾಗಿದರೆ ಬೇಗ ಕಮಟುತ್ತದೆ. ಈಗ ಉಪ್ಪು, ಖಾರ, ಜೀರಿಗೆ, ಒಣ ಬೆಳ್ಳುಳ್ಳಿ ಮೊದಲು ಪುಡಿ ಮಾಡಿ, ಪೂರ್ತಿ ಆರಿದ ಶೇಂಗಾವನ್ನು ಕೊನೆಗೆ ಸ್ವಲ್ಪ ಸ್ವಲ್ಪವೇ ಮಿಕ್ಸರ್‌ಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳು ಮುಟ್ಟಿದರೆ ಉದುರಬೇಕು. ಅಂಗೈ ಎಣ್ಣೆ ಎಣ್ಣೆಯಾದರೆ ಜಾಸ್ತಿ ತಿರುಗಿಸಿದ್ದೀರಿ ಎಂದರ್ಥ.

ಕಮಟು ಬಂದ ಪ್ಯಾಕೆಟ್‌ಗಳಲ್ಲಿ ಹೆಚ್ಚಿನವು ಅಂಗಡಿ ಮುಂದೆ ಬಿಸಿಲಿಗೆ ತೂಗುಹಾಕಿದವು. ಪುಡಿಯ ಕೆಂಪು ಕಾಣಲೆಂದು ನಾವೇ ಪಾರದರ್ಶಕ ಚೀಲ ಕೊಟ್ಟಿದ್ದೆವು. ಈಗ ಒಳಗೆ ಬೆಳ್ಳಿ ಬಣ್ಣದ ಪದರ ಇರುವ ಚೀಲ, ಅದೂ ಪುಡಿ ಆರಿದ ಮೇಲೆಯೇ ಸೀಲ್. ಬಿಸಿಯಿದ್ದಾಗ ಮುಚ್ಚಿದರೆ ಒಳಗೆ ಬೆವರು ಕೂರುತ್ತದೆ, ಒಣಗಿಸಿದ ಶ್ರಮವೆಲ್ಲ ವ್ಯರ್ಥ.

ಮೊದಲ ಸಲ ಲೇಬಲ್ ಮೇಲೆ 'ಆರು ತಿಂಗಳು' ಎಂದು ಬೇರೆ ಕಂಪನಿಯ ಪ್ಯಾಕೆಟ್ ನೋಡಿ ಬರೆದಿದ್ದೆವು. ಈಗ ಪ್ರತಿ ಬ್ಯಾಚಿನಿಂದ ಎಂಟು ಪ್ಯಾಕೆಟ್ ಎತ್ತಿ, ಅಂಗಡಿಯಂತೆಯೇ ಸೆಕೆಯಿರುವ ತಗಡಿನ ಕೋಣೆಯಲ್ಲಿ ಇಡುತ್ತಾರೆ. ಹದಿನೈದು ದಿನಕ್ಕೊಂದು ಒಡೆದು, ಆಗಷ್ಟೇ ಮಾಡಿದ ಪುಡಿಯ ಪಕ್ಕ ಇಟ್ಟು ಅವ್ವ ಮತ್ತು ಇನ್ನಿಬ್ಬರು ನೆಕ್ಕಿ ನೋಡುತ್ತಾರೆ. ಮೂರು ತಿಂಗಳಿಗೆ ಅವ್ವನ ನಾಲಿಗೆಗೆ ವ್ಯತ್ಯಾಸ ಸಿಕ್ಕಿತು. ಅದಕ್ಕೇ ಲೇಬಲ್ ಮೇಲೆ ಎರಡೇ ತಿಂಗಳು. ಜೊತೆಗೆ ಬ್ಯಾಚ್ ನಂಬರ್, ತಯಾರಿಸಿದ ದಿನ, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ.

ಖಾರದ ಪುಡಿ ಹೊಸ ಚೀಲ ಬಂದಾಗ ಇವತ್ತಿಗೂ ತಕ್ಕಡಿ ಸೋಲುತ್ತದೆ. ಬ್ಯಾಡಗಿ ಮೆಣಸಿನಕಾಯಿಯೇ ಆದರೂ ಒಂದು ಚೀಲದ ಖಾರ ಇನ್ನೊಂದಕ್ಕೆ ಇರುವುದಿಲ್ಲ. ಆಗ ಒಂದು ಕೆಜಿ ಮಾತ್ರ ಮಾಡಿ ಅವ್ವನ ಮುಂದೆ ಇಡುತ್ತಾರೆ. ಅವಳು ನೆಕ್ಕಿ 'ಐದು ಗ್ರಾಂ ಕಡಿಮಿ ಮಾಡ್ರಿ' ಎನ್ನುತ್ತಾಳೆ. ಗ್ರಾಮಿನ ಲೆಕ್ಕ ಈಗ ಅವಳಿಗೂ ಬಂದಿದೆ.