ಅವ್ವನ ಒಣ ಕೆಮ್ಮು, ಇಂಡಿಯ ಹವಾ

ನಮ್ಮ ಅವ್ವ ಫೋನಿನಲ್ಲಿ ಮಾತಾಡುವಾಗ ಅಲ್ಪವಿರಾಮ ಹಾಕುವವಳಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಸಿಂದಗಿಯಿಂದ ಫೋನು ಬರುತ್ತದೆ. ಜೋಳದ ರೇಟಿನಿಂದ ಹಿಡಿದು ಬಾಜೂಮನಿ ಕಾಕುನ ಸೊಸೆಯವರೆಗೆ ಎಲ್ಲ ಸುದ್ದಿಯೂ ಒಂದೇ ಉಸಿರಿಗೆ. ನಾನು ಬೆಂಗಳೂರಿನ ರೂಮಿನಲ್ಲಿ ಕೂತು "ಹೂಂ" ಅಂದರೆ ಸಾಕು. ಕಳೆದ ದೀಪಾವಳಿ ಆಗಿ ತಿಂಗಳೊಪ್ಪತ್ತಿನಲ್ಲಿ ಆ ಉಸಿರು ನಡುನಡುವೆ ತುಂಡಾಗತೊಡಗಿತು. ನಾಲ್ಕು ಮಾತು, ಆಮೇಲೆ ಕೆಮ್ಮು. ಮತ್ತೆರಡು ಮಾತು, ಮತ್ತೆ ಕೆಮ್ಮು.

"ಏನಿಲ್ಲೋ ತಮ್ಮಾ, ಗಂಟಲಾಗ ಏನೋ ಹರದಾಡಿದಂಗ ಆಗತೈತಿ. ತೊಗರಿ ರಾಶಿ ನಡದಾವಲ್ಲ, ಧೂಳ" ಅಂದಳು. ನಾನೂ ಹೌದೆಂದುಕೊಂಡೆ. ಡಿಸೆಂಬರ್ ತಿಂಗಳಲ್ಲಿ ನಮ್ಮ ಕಡೆ ಬಂದವರಿಗೆ ಗೊತ್ತು, ತೊಗರಿ ರಾಶಿ ಶುರುವಾದರೆ ಊರ ತುಂಬ ಹೊಟ್ಟು, ಧೂಳು. ಕೆಮ್ಮದವರೇ ಕಡಿಮೆ.

ಮೊದಲು ಮನೆಮದ್ದಾಯಿತು. ಅರಿಷಿಣ ಹಾಲು, ಶುಂಠಿ, ಜೇನುತುಪ್ಪ. ಆಮೇಲೆ ಔಷಧ ಅಂಗಡಿಯ ಕೆಂಪು ಸಿರಪ್ಪು. ಆಮೇಲೆ ಒಬ್ಬ ಡಾಕ್ಟರು ಐದು ದಿನದ ಆಂಟಿಬಯಾಟಿಕ್ ಕೊಟ್ಟರು. ಅದು ಮುಗಿದರೂ ಕೆಮ್ಮು ಇದ್ದಲ್ಲೇ ಇತ್ತು. ಎರಡು ವಾರ ದಾಟಿದ ಕೆಮ್ಮಿಗೆ ಟೀಬಿ ಪರೀಕ್ಷೆ ಮಾಡಿಸಲೇಬೇಕು ಅಂತ ಎದೆಯ ಎಕ್ಸರೇ ತೆಗೆಸಿದರು, ಕಫ ಕೊಡಿ ಅಂದರು. ಎಕ್ಸರೇ ಸ್ವಚ್ಛ. ಕಫ ಕೊಡೋಣವೆಂದರೆ ಅವ್ವನಿಗೆ ಕಫವೇ ಇಲ್ಲ! ಎಷ್ಟು ಕೆಮ್ಮಿದರೂ ಬರೀ ಉಗುಳು. ಅದೇ ಒಂದು ಸುಳಿವು. ಆದರೆ ಆವತ್ತು ಯಾರಿಗೂ ಹಾಗೆ ಅನ್ನಿಸಲಿಲ್ಲ.

ಎಳ್ಳ ಅಮವಾಸ್ಯೆಗೆ ಊರಿಗೆ ಹೋದಾಗ ಕಣ್ಣಾರೆ ನೋಡಿದೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬಂದೆವು. ರಾತ್ರಿ ಮಲಗಿದ ಮೇಲೆ ಅವ್ವನ ಕೆಮ್ಮು ಶುರು. ಮಲಗಿದರೆ ಹೆಚ್ಚು, ಎದ್ದು ಕೂತರೆ ಸ್ವಲ್ಪ ಕಡಿಮೆ. ಜ್ವರವಿಲ್ಲ, ದಮ್ಮಿಲ್ಲ, ಎದೆಯಲ್ಲಿ ಸುಂಯ್ ಅನ್ನುವ ಸಪ್ಪಳವಿಲ್ಲ. ಬರೀ ಒಣ ಕೆಮ್ಮು. ಕೆಮ್ಮಿ ಕೆಮ್ಮಿ ಪಕ್ಕೆ ನೋಯುತ್ತದೆ ಅಂತ ಸೆರಗನ್ನು ಹೊಟ್ಟೆಗೆ ಬಿಗಿದು ಕಟ್ಟಿಕೊಂಡು ಕೂತಿದ್ದಳು.

ಸಂಕ್ರಾಂತಿ ಮುಗಿದ ಮೇಲೆ ಸಣ್ಣಮ್ಮನ ಮಗಳ ಬಾಣಂತನಕ್ಕೆಂದು ಅವ್ವ ಇಂಡಿಗೆ ಹೋದಳು. ಅಲ್ಲಿ ಇಪ್ಪತ್ತು ದಿನ. ಮೊದಲ ವಾರ ಏನೂ ಫರಕಿರಲಿಲ್ಲ. ಎರಡನೇ ವಾರ ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಮೂರನೇ ವಾರ ಫೋನಿನಲ್ಲಿ ಮತ್ತೆ ಅಲ್ಪವಿರಾಮವಿಲ್ಲದ ಅವ್ವ! "ಇಂಡಿ ಹವಾ ಭಾಳ ಛಲೋ ಐತೋ ತಮ್ಮಾ" ಅಂತ ಎಲ್ಲರಿಗೂ ಸಾರಿದಳು. ಕಾಕು ಅದಕ್ಕೆ ಇಂಡಿಯ ನಿಂಬೆಹಣ್ಣಿನ ಪಾಲನ್ನೂ ಸೇರಿಸಿದರು. ಸಿಂದಗಿಗೆ ಬಂದು ಐದನೇ ದಿನಕ್ಕೆ ಕೆಮ್ಮು ವಾಪಸು. ತೀರ್ಪು ಹೊರಬಿತ್ತು: ಸಿಂದಗಿಯ ಧೂಳು ಅವ್ವನಿಗೆ ಆಗಿಬರುವುದಿಲ್ಲ. ಮನೆ ಬದಲಾಯಿಸುವ ಮಾತೂ ಬಂತು.

ನನಗೆ ಒಂದು ಕಿರಿಕಿರಿ ಉಳಿದಿತ್ತು. ಸಣ್ಣಮ್ಮನ ಮನೆಯ ಹಿಂದೆಯೇ ತೊಗರಿ ಮಷೀನು ನಡೆಯುತ್ತಿತ್ತು. ಸಿಂದಗಿಗಿಂತ ಅಲ್ಲೇ ಧೂಳು ಹೆಚ್ಚು. ಹಾಗಾದರೆ ಇಂಡಿಯಲ್ಲಿ ಇಲ್ಲದ್ದು, ಸಿಂದಗಿಯಲ್ಲಿ ಇದ್ದದ್ದು ಏನು?

ಆಫೀಸಿನಲ್ಲಿ ರಾತ್ರಿ ಏನಾದರೂ ಕೆಟ್ಟರೆ ನಾವು ಕೇಳುವ ಮೊದಲ ಪ್ರಶ್ನೆ, ಕೊನೆಯದಾಗಿ ಏನು ಬದಲಾಯಿಸಿದ್ರಿ? ಐದು ವರ್ಷದಿಂದ ಅದೇ ಪ್ರಶ್ನೆ ಕೇಳಿ ಸಂಬಳ ತಗೊಳ್ಳುವ ನಾನು ಅವ್ವನ ವಿಷಯದಲ್ಲಿ ಎರಡೂವರೆ ತಿಂಗಳು ಕೇಳಿರಲಿಲ್ಲ. ಆ ವಾರಾಂತ್ಯ ಊರಿಗೆ ಹೋದವನು ಅಪ್ಪನ ಲೆಕ್ಕದ ವಹಿ ತೆಗೆದೆ. ಅಪ್ಪ ಬೆಂಕಿಪೊಟ್ಟಣದ ಖರ್ಚನ್ನೂ ತಾರೀಖು ಹಾಕಿ ಬರೆಯುವ ಮನುಷ್ಯ. ದೀಪಾವಳಿಯ ಮರುವಾರ "ಬಿಪಿ ಗುಳಿಗಿ" ಅಂತ ಒಂದು ಸಾಲು. ಅದಾಗಿ ಸುಮಾರು ಮೂರು ವಾರಕ್ಕೆ "ಕೆಮ್ಮಿನ ಔಷಧ". ಅಲ್ಲಿಂದ ಪುಟದ ತುಂಬ ಕೆಮ್ಮೇ ಕೆಮ್ಮು.

"ಅವ್ವಾ, ಇಂಡಿಗೆ ಹೋದಾಗ ಬಿಪಿ ಗುಳಿಗಿ ತಗೊಂಡಿದ್ದೇನು?"

ಅವ್ವ ಅಪ್ಪನ ಮುಖ ನೋಡಿದಳು. "ಇಲ್ಲೇ ಮರತ ಹೋಗಿದ್ನಿ. ನೀವೆಲ್ಲಾ ಬೈತೀರಿ ಅಂತ ಹೇಳಲಿಲ್ಲ."

ಗುಳಿಗೆಯ ಪಟ್ಟಿ ತಿರುಗಿಸಿ ಓದಿದೆ. ಕಂಪನಿ ಇಟ್ಟ ಹೆಸರು ದೊಡ್ಡದಾಗಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ರಾಮಿಪ್ರಿಲ್, 5 ಮಿಲಿಗ್ರಾಂ.

ಎನಲಾಪ್ರಿಲ್, ಲಿಸಿನೋಪ್ರಿಲ್, ಪೆರಿಂಡೋಪ್ರಿಲ್ ಹೀಗೆ ಹೆಸರು "ಪ್ರಿಲ್" ಅಂತ ಮುಗಿಯುವ ಗುಳಿಗೆಗಳೆಲ್ಲ ಒಂದೇ ಮನೆತನದವು. ಇವು ಮಾಡುವ ಕೆಲಸ ಏಸಿಇ ಎಂಬ ಕಿಣ್ವವನ್ನು ತಡೆಯುವುದು. ಈ ಕಿಣ್ವ ಒಂದು ಕತ್ತರಿ ಇದ್ದಂತೆ. ನಮ್ಮ ರಕ್ತದಲ್ಲಿ ಆಂಜಿಯೋಟೆನ್ಸಿನ್ ಒಂದು ಎನ್ನುವ ಸಣ್ಣ ಸರಪಳಿ ಓಡಾಡುತ್ತಿರುತ್ತದೆ, ಅಷ್ಟಕ್ಕೆ ಅದು ಸಾಧು. ಕತ್ತರಿ ಅದರ ತುದಿಯ ಎರಡು ಕೊಂಡಿ ಕತ್ತರಿಸಿದಾಗ ಅದು ಆಂಜಿಯೋಟೆನ್ಸಿನ್ ಎರಡು ಆಗಿ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಿಪಿ ಏರುತ್ತದೆ. ಕತ್ತರಿಯನ್ನೇ ಕಟ್ಟಿಹಾಕಿದರೆ ನಾಳಗಳು ಸಡಿಲಾಗುತ್ತವೆ, ಬಿಪಿ ಇಳಿಯುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ.

ತೊಡಕೇನೆಂದರೆ ಆ ಕತ್ತರಿಗೆ ಇನ್ನೊಂದು ಕೆಲಸವೂ ಇದೆ. ಬ್ರಾಡಿಕೈನಿನ್ ಎಂಬ ಇನ್ನೊಂದು ಸರಪಳಿಯನ್ನು ತುಂಡು ಮಾಡಿ ಎಸೆಯುವುದೂ ಅದೇ. ಈ ಕಿಣ್ವ ಹೇರಳವಾಗಿ ಇರುವುದು ಶ್ವಾಸಕೋಶದ ರಕ್ತನಾಳಗಳ ಒಳಮೈಯಲ್ಲಿ. ಕತ್ತರಿ ಕಟ್ಟಿಹಾಕಿದಾಗ ಕಸ ಎತ್ತುವವರಿಲ್ಲದೆ ಬ್ರಾಡಿಕೈನಿನ್ ಉಳಿದುಕೊಳ್ಳುತ್ತದೆ. ಅದರ ಜೊತೆ ಸಬ್‌ಸ್ಟನ್ಸ್ ಪಿ ಅನ್ನುವ ಇನ್ನೊಂದು ವಸ್ತುವೂ ಉಳಿಯುತ್ತದೆ. ಇವೆರಡೂ ಶ್ವಾಸನಾಳದ ನರಗಳ ತುದಿಯನ್ನು ಚುರುಕು ಮಾಡುತ್ತವೆ ಅನ್ನುವುದು ಬಹುತೇಕ ಎಲ್ಲರೂ ಒಪ್ಪುವ ವಿವರಣೆ. ಮೊದಲು ಲೆಕ್ಕಕ್ಕಿಲ್ಲದ ಸಣ್ಣ ಕೆಣಕಿಗೂ ಈಗ ಕೆಮ್ಮು. ಅಂದರೆ ಧೂಳು ಪೂರ್ತಿ ನಿರಪರಾಧಿಯಲ್ಲ! ಧೂಳು, ತಣ್ಣೀರು, ಉದ್ದದ ಮಾತು ಇವೆಲ್ಲ ಕೆಣಕುವುದು ನಿಜ. ಆದರೆ ಆ ನರಗಳನ್ನು ಹಾಗೆ ಮುಟ್ಟಿದರೆ ಮುನಿಯಾಗಿಸಿದ್ದು ಗುಳಿಗೆ. ಹುಣ್ಣಿಲ್ಲ, ಸೋಂಕಿಲ್ಲ, ಕಫವಿಲ್ಲ. ಎಕ್ಸರೇಯಲ್ಲಿ ಕಾಣಲು ಅಲ್ಲೇನೂ ಇಲ್ಲ. ಆಂಟಿಬಯಾಟಿಕ್ ಕೊಲ್ಲಬೇಕಾದ ಕ್ರಿಮಿಯೂ ಇಲ್ಲ.

ಈ ಔಷಧದ ಹುಟ್ಟಿನ ಕಥೆ ಓದಿದಾಗ ನಗು ಬಂತು. ಬ್ರೆಜಿಲ್ ದೇಶದಲ್ಲಿ ಜರಾರಾಕಾ ಅಂತ ಒಂದು ವಿಷದ ಹಾವಿದೆ. 1949ರಲ್ಲಿ ಅಲ್ಲಿನ ರೋಶಾ ಇ ಸಿಲ್ವಾ ಮತ್ತು ಜೊತೆಗಾರರು ಆ ವಿಷವನ್ನು ರಕ್ತದ್ರವಕ್ಕೆ ಬೆರೆಸಿದಾಗ ಹುಟ್ಟುವ ವಸ್ತುವೊಂದನ್ನು ಗುರುತಿಸಿ ಬ್ರಾಡಿಕೈನಿನ್ ಅಂತ ಹೆಸರಿಟ್ಟರು. 1965ರಲ್ಲಿ ಸರ್ಜಿಯೋ ಫೆರೇರಾ ಅದೇ ವಿಷದಲ್ಲಿ ಬ್ರಾಡಿಕೈನಿನ್ನಿನ ಜೋರು ಹೆಚ್ಚಿಸುವ ಅಂಶವಿದೆ ಅಂತ ತೋರಿಸಿದ. ಅವನು ಅದನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದ ಮೇಲೆ ಅದು ಏಸಿಇಯನ್ನೂ ತಡೆಯುತ್ತದೆ ಅಂತ ತಿಳಿಯಿತು. ಆ ಎಳೆ ಹಿಡಿದು ಅಮೆರಿಕದ ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅದು ಅಲ್ಲಿ ಮಾರಾಟದ ಅನುಮತಿ ಪಡೆಯಿತು. ನೋಡಿ, ಬಿಪಿ ಇಳಿಸುವ ಗುಣ ಗೊತ್ತಾಗುವ ಮೊದಲೇ ಬ್ರಾಡಿಕೈನಿನ್ ಏರಿಸುವ ಗುಣ ಗೊತ್ತಿತ್ತು. ಆದರೂ ಇದು ಕೆಮ್ಮು ತರುತ್ತದೆ ಅಂತ ವೈದ್ಯರು ಬರೆಯತೊಡಗಿದ್ದು ಗುಳಿಗೆ ಜನರ ಕೈಗೆ ಬಂದ ಮೇಲೆ. ಅಷ್ಟು ದೊಡ್ಡವರಿಗೇ ತಡವಾಗಿರುವಾಗ ನಮ್ಮ ಎರಡೂವರೆ ತಿಂಗಳು ಯಾವ ಲೆಕ್ಕ :-)

ಈ ಮನೆತನದ ಗುಳಿಗೆ ತಗೊಳ್ಳುವ ನೂರು ಜನರಲ್ಲಿ 5ರಿಂದ 20 ಜನಕ್ಕೆ ಕೆಮ್ಮು ಬರುತ್ತದೆ ಅಂತ ಸಾಮಾನ್ಯ ಲೆಕ್ಕ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಕೆಲವರಿಗೆ ಮೊದಲ ದಿನವೇ ಶುರು, ಕೆಲವರಿಗೆ ತಿಂಗಳುಗಳಾದ ಮೇಲೆ. ಗುಳಿಗೆಗೂ ಕೆಮ್ಮಿಗೂ ನಂಟು ಕಾಣದೆ ಹೋಗುವುದು ಈ ಅಂತರದಿಂದಲೇ. ಅರ್ಧ ಗುಳಿಗೆ ಮಾಡಿದರೆ ನಿಲ್ಲುತ್ತದೆ ಅನ್ನುವ ಭರವಸೆಯಿಲ್ಲ. ಒಂದು ಪ್ರಿಲ್ ಬಿಟ್ಟು ಇನ್ನೊಂದು ಪ್ರಿಲ್ ಹಿಡಿದರೂ ಕತ್ತರಿ ಅದೇ. ಗುಳಿಗೆ ನಿಂತ ಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಕೆಮ್ಮು ಹೋಗುತ್ತದೆ, ಕೆಲವರಿಗೆ ಮೂರು ತಿಂಗಳೂ ಹಿಡಿಯಬಹುದು. ಇದು ಗುಳಿಗೆಯದೇ ಕೆಮ್ಮು ಅಂತ ಖಾತ್ರಿಯಾಗುವುದು ಹಾಗೆ ಹೋದಾಗಲೇ, ಬೇರೆ ಪರೀಕ್ಷೆಯಿಲ್ಲ. ಅವ್ವ ತನಗೆ ಗೊತ್ತಿಲ್ಲದೆ ಇಂಡಿಯಲ್ಲಿ ಆ ಪರೀಕ್ಷೆ ಮಾಡಿ ಮುಗಿಸಿದ್ದಳು. ಸಿಂದಗಿಗೆ ಬಂದು ಅದನ್ನೇ ಉಲ್ಟಾ ಕೂಡ ಮಾಡಿದ್ದಳು.

ಇಷ್ಟೆಲ್ಲ ಹೇಳಿದ ಮೇಲೆ ಅವ್ವ ಅಂದದ್ದು: "ಹಂಗಾರ ಆ ಗುಳಿಗಿ ಬಿಟ್ಟಬಿಡ್ತೀನಿ. ನನಗ ಬಿಪಿ ಗಿಪಿ ಏನೂ ಅನಸಂಗಿಲ್ಲ."

ನನಗೆ ಆವತ್ತು ಹೆದರಿಕೆಯಾದದ್ದು ಕೆಮ್ಮಿಗಲ್ಲ, ಈ ಮಾತಿಗೆ. ಅವ್ವನ ಅವ್ವ, ನಮ್ಮಾಯಿ, ಬಿಪಿ ಗುಳಿಗೆ ಬಿಟ್ಟು ಲಕ್ವಾ ಹೊಡೆದು ನಾಲ್ಕು ವರ್ಷ ಪಡಸಾಲೆಯ ಮಂಚದ ಮೇಲೆ ಮಲಗಿದ್ದವಳು. ಬಲಗೈ ಬಿದ್ದಿತ್ತು, ಮಾತು ತೊದಲುತ್ತಿತ್ತು. ಅವಳಿಗೂ ಏನೂ ಅನಿಸುತ್ತಿರಲಿಲ್ಲ.

ಸೋಮವಾರ ರಜೆ ಹಾಕಿ, ಬಿಪಿ ಗುಳಿಗೆ ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋದೆವು. ಕೆಮ್ಮಿಗೆ ತೋರಿಸಿದ ಡಾಕ್ಟರು ಬೇರೆ. ಇವರ ಚೀಟಿ ಅವರು ನೋಡಿರಲಿಲ್ಲ, ಅವರ ಚೀಟಿ ಇವರು ನೋಡಿರಲಿಲ್ಲ. ಎರಡೂ ಒಂದೇ ಡಬ್ಬಿಯಲ್ಲಿದ್ದವು ಮತ್ತು ಆ ಡಬ್ಬಿ ನಮ್ಮ ಮನೆಯಲ್ಲಿತ್ತು. ಅಪ್ಪನ ವಹಿಯ ಮೂರು ಸಾಲು ತೋರಿಸುತ್ತಲೇ ಡಾಕ್ಟರು ನಕ್ಕರು. "ಕೆಮ್ಮು ಬಂದ ಕೂಡಲೇ ನನಗ ಹೇಳಬೇಕಿತ್ತಲ್ರಿ ಅಕ್ಕಾರ" ಅಂದರು. ಬಿಪಿ ನೋಡಿದರೆ 168/102. ಇಪ್ಪತ್ತು ದಿನ ಬಿಟ್ಟದ್ದರ ಜೊತೆಗೆ, ಇಲ್ಲಿ ಬಂದ ಮೇಲೂ ಕೆಮ್ಮು ಜೋರಾದ ದಿನ ಅವ್ವ ಗುಳಿಗೆ ತಪ್ಪಿಸುತ್ತಿದ್ದಳಂತೆ.

ರಾಮಿಪ್ರಿಲ್ ಕೊಟ್ಟದ್ದು ತಪ್ಪಲ್ಲ ಅಂತಲೂ ವಿವರಿಸಿದರು. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ಕಿಡ್ನಿ ಕಾಯಲು ಈ ಮನೆತನದ ಗುಳಿಗೆ ಒಳ್ಳೆಯದು. ಆ ಲಾಭ ಬಿಡದೆ ಕೆಮ್ಮು ಬಿಡುವ ದಾರಿ ಹೆಸರು "ಸಾರ್ಟಾನ್" ಅಂತ ಮುಗಿಯುವ ಗುಳಿಗೆಗಳು. ಇವು ಕತ್ತರಿಯ ತಂಟೆಗೆ ಹೋಗುವುದಿಲ್ಲ. ಆಂಜಿಯೋಟೆನ್ಸಿನ್ ಎರಡು ಹೋಗಿ ಕೂರುವ ಜಾಗವನ್ನು ಮುಚ್ಚುತ್ತವೆ. ಬ್ರಾಡಿಕೈನಿನ್ ಎಂದಿನಂತೆ ತುಂಡಾಗಿ ಹೋಗುತ್ತಿರುತ್ತದೆ. ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಬರೆದರು. ಎರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಶಿಯಂ ರಕ್ತ ಪರೀಕ್ಷೆ ಮಾಡಿಸಿ ಅಂದರು.

ಹೊರಡುವಾಗ ಅಪ್ಪನನ್ನು ನಿಲ್ಲಿಸಿ ಎರಡು ಮಾತು ಹೇಳಿದರು. ತುಟಿ, ನಾಲಿಗೆ, ಮುಖ ಬಾತುಕೊಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಬನ್ನಿ. ಅಪರೂಪ, ಆದರೆ ಅದೂ ಈ ಬ್ರಾಡಿಕೈನಿನ್ನಿನದೇ ಕೆಲಸ, ಉಸಿರು ಕಟ್ಟಬಹುದು. ಹಳೆಯ ಗುಳಿಗೆ ನಿಲ್ಲಿಸಿ ಕೆಲ ದಿನವಾದ ಮೇಲೂ ಬರಬಹುದು. ಇನ್ನೊಂದು, ಕೆಮ್ಮಿನಲ್ಲಿ ರಕ್ತ, ಕಫ, ಜ್ವರ ಕಂಡರೆ, ತೂಕ ಇಳಿದರೆ, ಮಲಗಿದಾಗ ಉಸಿರು ಸಿಗದಿದ್ದರೆ ಗುಳಿಗೆಯ ಮೇಲೆ ಹಾಕಿ ಸುಮ್ಮನಿರಬೇಡಿ, ಅದು ಬೇರೆ ಕೆಮ್ಮು.

ಮೊದಲ ವಾರ ಅವ್ವ ದಿನಾ ಫೋನಿನಲ್ಲಿ ಬೈದಳು, ಕೆಮ್ಮು ಹಾಗೇ ಇದೆ ಅಂತ. ಹತ್ತನೇ ದಿನ ರಾತ್ರಿ ಒಮ್ಮೆಯೂ ಏಳಲಿಲ್ಲವಂತೆ. ಮೂರನೇ ವಾರಕ್ಕೆ ಪೂರ್ತಿ ಹೋಯಿತು. ತಿಂಗಳಿಗೆ ಬಿಪಿ 134/84, ರಕ್ತ ಪರೀಕ್ಷೆಯೂ ಸರಿಯಿತ್ತು. ಅಪ್ಪ ವಹಿಯಲ್ಲಿ ಹೊಸ ಗುಳಿಗೆಯ ಹೆಸರನ್ನು ತಾರೀಖು ಸಮೇತ ಬರೆದಿಟ್ಟಿದ್ದಾರೆ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ "ಪ್ರಿಲ್ ಬ್ಯಾಡ" ಅಂತಲೂ ಇದೆ.

ಮೊನ್ನೆ ಫೋನಿನಲ್ಲಿ ಅವ್ವ ಕಾಕುಗೆ ಹೇಳುತ್ತಿದ್ದದ್ದು ಹಿಂದಿನಿಂದ ಕೇಳಿಸಿತು. "ಏನರೆ ಅನ್ನು ಯವ್ವಾ, ನನಗ ಗುಣಾ ಕಂಡಿದ್ದು ಮೊದಲ ಇಂಡಿಯೊಳಗನ. ಆ ಊರ ಹವಾನ ಬ್ಯಾರೆ."