ನೂರಾ ಹದಿನೆಂಟು ರೂಪಾಯಿ

2023ರ ಗಣೇಶ ಚೌತಿಗೆ ಅಳವಂಡಿಗೆ ಹೋಗಿದ್ದೆ. ಹೋದ ಮರುದಿನವೇ ಮಾಸ್ತರು ಹೇಳಿ ಕಳಿಸಿದರು. ನನಗೆ ಐದನೆಯ ಇಯತ್ತೆಯಿಂದ ಏಳನೆಯದರವರೆಗೆ ಕನ್ನಡ ಮತ್ತು ಗಣಿತ ಕಲಿಸಿದವರು, 2014ರಲ್ಲಿ ನಿವೃತ್ತರಾದವರು. ಪಿಎಚ್‌ಡಿ ಎಲ್ಲಿಗೆ ಬಂತು ಎಂದು ಕೇಳಲು ಕರೆದಿರಬೇಕು ಅಂದುಕೊಂಡು, ಉತ್ತರ ಸಿದ್ಧಮಾಡಿಕೊಂಡೇ ಹೋದೆ. ಅವರು ಅದನ್ನು ಕೇಳಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಮೂರು ಪಾಸ್‌ಬುಕ್ ತೆಗೆದು ಕಟ್ಟೆಯ ಮೇಲೆ ಇಟ್ಟರು.

"ತಮ್ಮಾ, ಹಳೇ ಕಡತ ಓದಾವ ನೀ. ಇದನ್ನೊಂದಿಷ್ಟು ಓದಿ ಹೇಳು. ಎರಡನೂರಾ ತೊಂಬತ್ತೈದು ರೂಪಾಯಿ ಯಾಕ ಹೋತು?"

ಆಗಿದ್ದು ಇಷ್ಟು. ಆಗಸ್ಟ್ ಮೊದಲ ವಾರ ಅವರ ಮನೆಯವರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಮಾಸ್ತರು ಖಾತೆಯಲ್ಲಿದ್ದುದನ್ನೆಲ್ಲ ತೆಗೆದಿದ್ದರು. ಉಳಿದದ್ದು ಎಂಬತ್ತು ರೂಪಾಯಿ. ಸೆಪ್ಟೆಂಬರಿನ ಪಿಂಚಣಿ ಜಮಾ ಆದ ಕೂಡಲೇ ಅದರಿಂದ 295 ರೂಪಾಯಿ ಕಡಿತವಾಗಿತ್ತು. ಲೆಕ್ಕದ ಮಾಸ್ತರಿಗೆ ಅದು ಕಣ್ಣಿಗೆ ಬಿದ್ದಿತ್ತು.

295 ಎಂದರೆ 250ರ ದಂಡ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 45. ಯಾರೋ ಖಾತೆಯಿಂದ ಹಣ ಕೇಳಿದ್ದಾರೆ, ಖಾತೆಯಲ್ಲಿ ಅಷ್ಟು ಇರಲಿಲ್ಲ, ಅದಕ್ಕೆ ಬ್ಯಾಂಕು ದಂಡ ಹಾಕಿದೆ. ಚೆಕ್ ಬೌನ್ಸ್ ಆದಂತೆಯೇ. ಆದರೆ ಮಾಸ್ತರು ಯಾರಿಗೂ ಚೆಕ್ ಕೊಟ್ಟವರಲ್ಲ. ಹಾಗಾದರೆ ಕೇಳಿದವರು ಯಾರು?

ಒಂದು ಪುಟ ಹಿಂದಕ್ಕೆ ತಿರುವಿದೆ. ಜುಲೈ 5, 118 ರೂಪಾಯಿ. ಜೂನ್ 5, 118. ಮೇ 5, 118. ಪ್ರತಿ ಸಾಲಿನ ಎದುರಿಗೂ ಎಸಿಎಚ್ ಡಿ ಎಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ಬೆನ್ನಿಗೆ ಅರ್ಧಕ್ಕೆ ತುಂಡಾದ ಒಂದು ಹೆಸರು. ಪುಟ ತಿರುವಿದಷ್ಟೂ ಅದೇ ತಾರೀಖು, ಅದೇ ಮೊತ್ತ. ಆಗಸ್ಟ್ ತಿಂಗಳಲ್ಲಿ ಮಾತ್ರ ಇಲ್ಲ. ಅಂದರೆ ಇಷ್ಟು ವರ್ಷ ಸದ್ದಿಲ್ಲದೆ ಹೋಗುತ್ತಿದ್ದುದು, ಹೋಗಲಾಗದ ಒಂದೇ ಒಂದು ತಿಂಗಳಲ್ಲಿ ಸದ್ದು ಮಾಡಿತ್ತು. ಅಮ್ಮನ ಕಣ್ಣಿನ ಆಪರೇಷನ್ ಇಲ್ಲದಿದ್ದರೆ ಅದು ಇನ್ನೂ ಹೋಗುತ್ತಲೇ ಇರುತ್ತಿತ್ತು.

ಮೊದಲ ಪಾಸ್‌ಬುಕ್ಕಿನಲ್ಲಿ ಒಂದು ವಿಚಿತ್ರ ಕಂಡಿತು. 2017ರ ಜನವರಿಯಿಂದ ಜೂನ್‌ವರೆಗೆ ಮೊತ್ತ 115 ಇದೆ, ಜುಲೈಯಿಂದ 118. ಯಾಕೆ ಮೂರು ರೂಪಾಯಿ ಏರಿತು ಎಂದು ಯೋಚಿಸುತ್ತ ಕೂತೆ. ಉತ್ತರ ಹೇಳಿದವರು ಮಾಸ್ತರೇ.

"ಜಿಎಸ್‌ಟಿ ಬಂದದ್ದು ಜುಲೈ ಒಂದಕ್ಕಲ್ಲೇನೋ? ಅದಕ್ಕ ಮೊದಲ ಸೇವಾ ತೆರಿಗಿ ಸೆಸ್ ಎಲ್ಲಾ ಕೂಡಿ ಹದಿನೈದಿತ್ತು. ಅಸಲು ನೂರು ರೂಪಾಯಿ ಐತಿ ನೋಡು."

ಆ ಮೂರು ರೂಪಾಯಿ ನಮಗೆ ಎರಡು ಸಂಗತಿ ಹೇಳಿತು. ಒಂದು, ಇದು ಉಳಿತಾಯವಲ್ಲ, ಸಾಲದ ಕಂತೂ ಅಲ್ಲ. ತೆರಿಗೆ ಬೀಳುವ ಯಾವುದೋ ಸೇವೆಯ ಶುಲ್ಕ. ಎರಡು, ಮೊತ್ತ ಬದಲಾದಾಗ ಯಾರೂ ಮಾಸ್ತರನ್ನು ಮತ್ತೆ ಸಹಿ ಕೇಳಿರಲಿಲ್ಲ. ಕೇಳದೆಯೇ ಹೆಚ್ಚಿಸಲು ಅವರಿಗೆ ಹೇಗೆ ಬಂತು ಎಂಬುದು ಆಮೇಲೆ ಗೊತ್ತಾಯಿತು.

ಅಂಗಳದಲ್ಲೇ ಕೂತು ಕೂಡಿಸಿದೆವು. 115ರಂತೆ ಆರು ತಿಂಗಳು, 690. 118ರಂತೆ 74 ತಿಂಗಳು, 8,732. ಒಟ್ಟು 9,422. ದಂಡ ಸೇರಿಸಿದರೆ 9,717. ಮಾಸ್ತರು ಬಾಯಲ್ಲೇ ಲೆಕ್ಕ ಮಾಡಿದರು, ನಾನು ಫೋನಿನಲ್ಲಿ ಮಾಡಿದೆ. ಅವರದು ಮೊದಲು ಮುಗಿಯಿತು.

ಇಷ್ಟು ವರ್ಷ ಯಾಕೆ ಕಾಣಲಿಲ್ಲ? ಪಿಂಚಣಿ ತಿಂಗಳ ಆರಂಭದಲ್ಲಿ ಬರುತ್ತದೆ. ಐದನೆಯ ತಾರೀಖಿಗೆ ಖಾತೆ ತುಂಬಿರುತ್ತದೆ, ಅಷ್ಟರೊಳಗೆ 118 ಗೊತ್ತಾಗುವುದಿಲ್ಲ. ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಬದಲಾಗುವುದರಿಂದ ಪಿಂಚಣಿಯ ಅಂಕಿಯೂ ಒಂದೇ ಸಮ ಇರುವುದಿಲ್ಲ. ಮಾಸ್ತರು ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿದ್ದುದು ಹೆಚ್ಚಾಗಿ ನವೆಂಬರಿನಲ್ಲಿ, ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋದಾಗ. ಒಂದು ವರ್ಷದ ಸಾಲುಗಳು ಒಮ್ಮೆಲೇ ಬೀಳುತ್ತಿದ್ದವು. ಮೊಬೈಲಿಗೆ ಸಂದೇಶ ಬರಬೇಕಿತ್ತು, ಬರುತ್ತಲೂ ಇತ್ತು. ಆದರೆ ಖಾತೆಗೆ ಜೋಡಿಸಿದ್ದು ಬೆಂಗಳೂರಿನಲ್ಲಿರುವ ಮಗನ ನಂಬರು. ಪಾಸ್‌ಬುಕ್ಕಿನಲ್ಲಿ ವ್ಯವಹಾರದ ವಿವರ ಅರ್ಥವಾಗುವಂತೆ ಇರಬೇಕೆಂದು ರಿಸರ್ವ್ ಬ್ಯಾಂಕು 2017ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಮ್ಮ ಕೈಯಲ್ಲಿದ್ದ ಪಾಸ್‌ಬುಕ್ ಓದಲು ಸಂಶೋಧಕನೊಬ್ಬ ಬೇಕಾಗಿತ್ತು.

ಇಷ್ಟೆಲ್ಲ ವಿವರಿಸಿಕೊಂಡು ನಾನು ಸಮಾಧಾನಪಡುತ್ತಿದ್ದಾಗ ಎರಡನೆಯ ಪಾಸ್‌ಬುಕ್ಕಿನ ಒಂದು ಪುಟದಲ್ಲಿ ಕಣ್ಣು ನಿಂತಿತು. 2019ರ ಸಾಲುಗಳು. ಐದು 118ಗಳ ಪಕ್ಕ ಪೆನ್ಸಿಲಿನ ಸಣ್ಣ ಚುಕ್ಕೆ, ಆರನೆಯದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ. ಹಸ್ತಪ್ರತಿ ನೋಡುವವರಿಗೆ ಅಂಚಿನ ಗುರುತು ನೋಡುವ ಚಟ ಇರುತ್ತದೆ. ಈ ಪೆನ್ಸಿಲಿನ ಕೈ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಪ್ಪು ಭಾಗಾಕಾರಗಳ ಪಕ್ಕದಲ್ಲೂ ಅದೇ ಚಿಹ್ನೆ ಇರುತ್ತಿತ್ತು.

"ಸರ, ಇದನ್ನ ನೀವು ಆವಾಗ್ಲೇ ನೋಡಿದ್ರಿ?"

ಮಾಸ್ತರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನೋಡಿದ್ನಿ. ಸರಕಾರದವ್ರೇ ಏನೋ ಹಿಡಕೊಂತಾರ ಅಂತ ಬಿಟ್ನಿ. ಕೇಳಬೇಕಂತ ಒಮ್ಮಿ ಕೌಂಟರ್ ತನಾ ಹೋಗಿದ್ನಿ. ಅಲ್ಲಿ ಕುಂತಾವ ನಮ್ಮ ಸಾಲಿ ಹುಡುಗ. ಅವಂಗ ಬಡ್ಡಿ ಲೆಕ್ಕ ಕಲಿಸಿದಾವ ನಾನು. ನನಗಿದು ತಿಳೀವಲ್ದು ಅಂತ ಅವನ ಮುಂದ ಹೆಂಗ ಅನ್ಲಿ?"

ಊರಿನ ಅರ್ಧ ಜನರ ಅರ್ಜಿ ತುಂಬಿಕೊಟ್ಟವರು ಅವರು. ವಿಧವಾ ವೇತನ, ರೇಷನ್ ಕಾರ್ಡು, ಬೆಳೆ ಪರಿಹಾರ, ಎಲ್ಲದಕ್ಕೂ ಜನ ಅವರ ಕಟ್ಟೆಗೆ ಬರುತ್ತಿದ್ದರು. ಓದದೆ ಸಹಿ ಹಾಕಬ್ಯಾಡ್ರಿ ಎಂಬುದು ತರಗತಿಯಲ್ಲಿ ಅವರು ಬಿಡದೆ ಹೇಳುತ್ತಿದ್ದ ಮಾತು. ನಾಲ್ಕು ವರ್ಷ ಆ ಪ್ರಶ್ನಾರ್ಥಕ ಚಿಹ್ನೆ ಪಾಸ್‌ಬುಕ್ಕಿನೊಳಗೇ ಉಳಿದದ್ದು ಅವರಿಗೆ ಓದಲು ಬಾರದೆ ಅಲ್ಲ.

ಮರುದಿನ ಬ್ಯಾಂಕಿಗೆ ಹೋದೆವು. "ಇದು ನಮ್ಮದಲ್ರಿ, ಕಂಪನಿಯವರನ್ನ ಕೇಳ್ರಿ" ಎಂದರು. ಇದು ಅರ್ಧ ನಿಜ. ಹಣ ಕೇಳುವವನು ಕಂಪನಿ. ಆದರೆ ಕೇಳಿದಾಗ ಕೊಡು ಎಂಬ ಒಪ್ಪಿಗೆಪತ್ರವನ್ನು ನೋಡಿ ಖಾತೆಯಿಂದ ಕೊಡುವುದು ಬ್ಯಾಂಕು. ಆ ಪತ್ರಕ್ಕೆ ಮ್ಯಾಂಡೇಟ್ ಎನ್ನುತ್ತಾರೆ. ಪ್ರತಿ ಮ್ಯಾಂಡೇಟಿಗೂ ಒಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಖಾತೆದಾರ ತನ್ನ ಬ್ಯಾಂಕಿಗೇ ಬರೆದುಕೊಟ್ಟು ಅದನ್ನು ರದ್ದುಮಾಡಿಸಬಹುದು. ಮಾಸ್ತರು ಕೌಂಟರಿನ ಪಕ್ಕದಲ್ಲೇ ನಿಂತು ಕನ್ನಡದಲ್ಲಿ ಅರ್ಜಿ ಬರೆದರು. ಮೂರು ಬೇಡಿಕೆ: 2017ರ ಜನವರಿಯಿಂದ ಖಾತೆಯ ಪೂರ್ಣ ವಿವರ, ಮ್ಯಾಂಡೇಟಿನ ಸಂಖ್ಯೆ ಮತ್ತು ಪ್ರತಿ, ಹಾಗೂ ಅದರ ರದ್ದತಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡರು. ಈ ಸೀಲು ಮುಖ್ಯ. ಮೂವತ್ತು ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆಗ ಮೊದಲು ಬ್ಯಾಂಕಿಗೇ ಕೇಳಿದ್ದೆವು ಎಂಬುದಕ್ಕೆ ಅದೇ ಪುರಾವೆ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಮೂರು ವಾರದಲ್ಲಿ ಮ್ಯಾಂಡೇಟ್ ರದ್ದಾಯಿತು, ಪ್ರತಿಯೂ ಬಂತು. ಇಂಗ್ಲಿಷಿನ ಒಂದು ಸಣ್ಣ ಫಾರಂ. ಅವಧಿ ಎಂಬಲ್ಲಿ, ರದ್ದುಮಾಡುವವರೆಗೆ ಎಂಬುದಕ್ಕೆ ಟಿಕ್. ಮೊತ್ತ ಎಂಬಲ್ಲಿ, ನಿಗದಿತ ಅಲ್ಲ, ಗರಿಷ್ಠ ಎಂಬುದಕ್ಕೆ ಟಿಕ್. ಪಕ್ಕದಲ್ಲಿ ಐದುನೂರು ರೂಪಾಯಿ. 115 ಇದ್ದದ್ದು 118 ಆದದ್ದು ಹೀಗೆ. ಐದುನೂರರೊಳಗೆ ಎಷ್ಟು ಕೇಳಿದರೂ ಹೊಸ ಸಹಿ ಬೇಕಿರಲಿಲ್ಲ. ಕೆಳಗೆ ಸಹಿ. ಗುಂಡಗಿನ ಕನ್ನಡ ಅಕ್ಷರಗಳು, ಕೊನೆಯಲ್ಲಿ ಎರಡು ಚುಕ್ಕೆ. ನನ್ನ ಪ್ರಗತಿಪತ್ರದ ಮೇಲೆ ಮೂರು ವರ್ಷ ನೋಡಿದ ಸಹಿ.

ತಾರೀಖು 2016ರ ಡಿಸೆಂಬರಿನದು. ಮಾಸ್ತರಿಗೆ ನಿಧಾನವಾಗಿ ನೆನಪಾಯಿತು. ನೋಟು ರದ್ದಾದ ದಿನಗಳು. ಬ್ಯಾಂಕಿನ ಮುಂದೆ ಮುಂಜಾನೆಯಿಂದ ಪಾಳಿ. ಪಾಳಿಯಲ್ಲಿದ್ದವರ ಚೀಟಿಗಳನ್ನು ಮಾಸ್ತರೇ ತುಂಬಿಕೊಡುತ್ತಿದ್ದರು. ಹೊರಗೆ ಟೇಬಲ್ ಹಾಕಿಕೊಂಡಿದ್ದ ಟೈ ಕಟ್ಟಿದ ಹುಡುಗನೊಬ್ಬ ಹಿರಿಯರಿಗೆ ಆರೋಗ್ಯ ಕಾರ್ಡು ಎಂದು ಮೂರು ಕಾಗದಕ್ಕೆ ಸಹಿ ಮಾಡಿಸಿಕೊಂಡ. ಅವನು "ನಮಸ್ಕಾರ ಗುರುಗಳ" ಎಂದಿದ್ದನಂತೆ. ಬೇರೆಯವರ ಚೀಟಿ ಓದಿ ಓದಿ ಸಾಕಾಗಿದ್ದ ಮಾಸ್ತರು ತಮ್ಮದನ್ನು ಓದಲಿಲ್ಲ. ಕಾರ್ಡು ಎಂದೂ ಮನೆಗೆ ಬರಲಿಲ್ಲ.

ಸಹಿ ಅವರದೇ ಆದ್ದರಿಂದ ದಾರಿಗಳು ಕಿರಿದಾದವು. ಸಹಿ ಖೋಟಾ ಆಗಿದ್ದರೆ ಬ್ಯಾಂಕನ್ನು ಹಿಡಿದು ಕೇಳಬಹುದಿತ್ತು. ಈಗ ಉಳಿದದ್ದು ಕೊಡದ ಸೇವೆಗೆ ಹಣ ಪಡೆದ ಕಂಪನಿಯ ಮೇಲಿನ ದೂರು. 1915 ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿದೆವು. ಡಿಸೆಂಬರಿನಲ್ಲಿ ಕಂಪನಿ ಕೊನೆಯ ಹನ್ನೆರಡು ಕಂತು, 1,416 ರೂಪಾಯಿ, ಹಿಂದಿರುಗಿಸಿತು. ದಂಡದ 295 ಬರಲಿಲ್ಲ. ಉಳಿದದ್ದಕ್ಕೆ ಕೊಪ್ಪಳದ ಗ್ರಾಹಕ ಆಯೋಗಕ್ಕೆ ಹೋಗೋಣ ಎಂದೆ. ಅಲ್ಲಿಯೂ ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಬರಬೇಕು ಎಂಬ ಮಿತಿ ಇದೆ. 2019ರಲ್ಲಿ ಕೇಳಿದ್ದರೆ ಹೆಚ್ಚುಕಡಿಮೆ ಎಲ್ಲವೂ ಆ ಮಿತಿಯ ಹತ್ತಿರವೇ ಇರುತ್ತಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಲೆಕ್ಕ ಬರುತ್ತದೆ.

ಆ ರಾತ್ರಿ ನಾನೂ ನನ್ನ ಫೋನ್ ತೆಗೆದು ನೋಡಿದೆ. ಯುಪಿಐ ಆ್ಯಪಿನಲ್ಲಿ ಆಟೊಪೇ ಎಂಬ ಪುಟವಿದೆ; ಯಾರ್ಯಾರಿಗೆ ತಿಂಗಳಾ ಹೋಗಲು ಒಪ್ಪಿದ್ದೇವೆ ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ನನ್ನದರಲ್ಲೂ ಒಂದಿತ್ತು, ಎಂ.ಎ. ಓದುವಾಗ ಒಂದು ತಿಂಗಳು ಬಳಸಿ ಮರೆತದ್ದು. ಎರಡು ಒತ್ತಿಗೆ ನಿಲ್ಲಿಸಿದೆ. ಮಾಸ್ತರ ಪಾಸ್‌ಬುಕ್ಕಿನಲ್ಲಿ ಅಂಥ ಪುಟವಿಲ್ಲ. ಅಲ್ಲಿ ಒಪ್ಪಿಗೆ ಕಾಣುವುದಿಲ್ಲ, ಕಡಿತ ಮಾತ್ರ ಕಾಣುತ್ತದೆ.

ಒಂದು ಕೆಲಸ ಬಾಕಿ ಇತ್ತು. ಖಾತೆಗೆ ಮಾಸ್ತರದೇ ನಂಬರು ಜೋಡಿಸಬೇಕು. ಮಗನಿಗೆ ಗೊತ್ತಾಗಬಾರದು ಎಂದು ಮೊದಲು ಹಟ ಮಾಡಿದ್ದರು. ಕೊನೆಗೆ ತಾವೇ ಫೋನ್ ಹಚ್ಚಿದರು, ಸ್ಪೀಕರ್ ಹಾಕಿ. ಎಲ್ಲ ಕೇಳಿಸಿಕೊಂಡ ಮಗ ಹೇಳಿದ್ದು:

"ಅಪ್ಪಾ, ನಂಗ ತಿಂಗಳಾ ಮೆಸೇಜ್ ಬರ್ತಿತ್ತು. ನೀವು ಟಿವಿಗೆ ರೀಚಾರ್ಜ್ ಮಾಡಸ್ತೀರಿ ಅನ್ಕೊಂಡಿದ್ನಿ. ಹಿರೇರಿಗೆ ಏನ್ ಕೇಳೂದು ಅಂತ ಸುಮ್ನಿದ್ನಿ."

ಮಾಸ್ತರು ಫೋನ್ ಇಟ್ಟು ನನ್ನ ಕಡೆ ನೋಡಿದರು. ಒಳಗಿನಿಂದ ಅಮ್ಮ ಚಹಾ ತಂದರು. ಕಣ್ಣಿಗೆ ಇನ್ನೂ ಕಪ್ಪು ಕನ್ನಡಕ ಇತ್ತು. ಮಾಸ್ತರು ಕಿಸೆಯಿಂದ ಪೆನ್ಸಿಲ್ ತೆಗೆದು, 2019ರ ಆ ಪುಟ ಹುಡುಕಿ, ಪ್ರಶ್ನಾರ್ಥಕದ ಪಕ್ಕದಲ್ಲಿ ಒಂದು ಶಬ್ದ ಬರೆದರು. ಆಮೇಲೆ ನೋಡಿದೆ: ‘ಕೇಳಲಿಲ್ಲ’.

"ಇದನ್ನ ಬರೀತಿಯೇನು?" ಎಂದರು.

"ಬರೀಲೇನ್ರಿ ಸರ?"

"ಬರಿ. ಹೆಸರು ಹಾಕಬ್ಯಾಡ. ಲೆಕ್ಕ ಮಾತ್ರ ಸರಿ ಬರಿ."

ಲೆಕ್ಕ ಸರಿಯಾಗಿದೆ. ಎರಡು ಸಲ ಕೂಡಿಸಿ ನೋಡಿದ್ದೇನೆ.