ಹತ್ತು ರೂಪಾಯಿ ಒಂದಾದ ಕಥೆ

ನಮ್ಮ ಕಾಲೇಜಿನ ಗ್ರಂಥಾಲಯದ ಕೊನೆಯ ಕಪಾಟಿನಲ್ಲಿ ರಟ್ಟು ಹರಿದ ಒಂದು ಪುಸ್ತಕವಿದೆ. ಊರಿನ ಒಂದು ಶಾಲೆಯ ಕಟ್ಟಡಕ್ಕೆ ಹಣ ಕೂಡಿಸಿದ ವರದಿ ಅದು. ಮೊದಲ ಹಾಳೆ ಇಲ್ಲದ್ದರಿಂದ ಇಸವಿ ಗೊತ್ತಿಲ್ಲ. ಲೆಕ್ಕವೆಲ್ಲ ರೂಪಾಯಿ, ಆಣೆ, ಪೈಗಳಲ್ಲಿದೆ. ನಯಾ ಪೈಸೆ ಬಂದದ್ದು 1957ರಲ್ಲಿ, ಹಾಗಾಗಿ ಅದಕ್ಕಿಂತ ಹಳೆಯದೆಂದು ಊಹಿಸಬಹುದು. ಕೊನೆಯ ಅರ್ಧ ಭಾಗ ಪೂರ್ತಿ ದಾನಿಗಳ ಪಟ್ಟಿ: ಹೆಸರು, ಊರು, ಕೊಟ್ಟ ಹಣ. ಹಾಳೆ ಮುಟ್ಟಿದರೆ ಅಂಚು ಪುಡಿಯಾಗುತ್ತದೆ.

"ಇದನ್ನ ಕಂಪ್ಯೂಟರಿಗೆ ಹಾಕಬಹುದೇನಪ್ಪಾ? ಯಾರಾದರೂ ಬಂದು ಅಜ್ಜನ ಹೆಸರು ಕೇಳಿದರೆ ಹುಡುಕಿ ತೋರಿಸಬೇಕು" ಎಂದರು ಗ್ರಂಥಪಾಲಕ ಸರ್. ಫೋಟೋ ತೆಗೆದರೆ ಸಾಕು, ಉಳಿದದ್ದು ಓಸಿಆರ್ ಮಾಡುತ್ತದೆ ಎಂದುಕೊಂಡು ನಾನು ತಟ್ಟನೆ "ಆಗಲಿ ಸರ್" ಎಂದುಬಿಟ್ಟೆ. ಓಸಿಆರ್ ಎಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ, ಹುಡುಕಬಹುದಾದ ಪಠ್ಯವನ್ನಾಗಿ ಮಾಡಿಕೊಡುವ ತಂತ್ರಾಂಶ. ಉಚಿತವಾಗಿ ಸಿಗುವ ಟೆಸರಾಕ್ಟ್‌ನಲ್ಲಿ ಕನ್ನಡ ಮಾದರಿಯೂ ಇದೆ.

ಮೊದಲ ದಿನವೇ ನನ್ನ ಉತ್ಸಾಹ ಇಳಿಯಿತು. ಪುಸ್ತಕದಲ್ಲಿರುವಂಥ ಒಂದು ಸಾಲನ್ನು ಇಲ್ಲಿ ಬರೆಯುತ್ತೇನೆ:

ಧಾರವಾಡ ಪೇಟೆಯ ವರ್ತಕರಿಂದ ೧೦-೦-೦

ಇಂಥ ಸಾಲನ್ನು ಕಂಪ್ಯೂಟರ್ ಓದುತ್ತಿದ್ದುದು ಹೀಗೆ:

ದಾರವಾಡ ಪೇಟೆಯ ವತಕರಿಂದ ೧ಂ-೦-೦

ಎಷ್ಟು ತಪ್ಪಾಗಿದೆ ಎಂದು ಎಣಿಸಲು ಒಂದು ಕ್ರಮವಿದೆ. ಸರಿಯಾದ ಸಾಲಿನಲ್ಲಿ ಖಾಲಿ ಜಾಗ, ಗುಣಿತದ ಚಿಹ್ನೆ, ಅಡ್ಡಗೆರೆ ಎಲ್ಲ ಸೇರಿ 29 ಯುನಿಕೋಡ್ ಸಂಕೇತಗಳಿವೆ. 'ಧ' ಹೋಗಿ 'ದ' ಆದದ್ದು ಒಂದು ತಪ್ಪು. 'ವರ್ತಕ'ದ 'ರ' ಮತ್ತು ಹಲಂತ ಬಿಟ್ಟುಹೋದದ್ದು ಎರಡು. ಸೊನ್ನೆ ಇರಬೇಕಾದಲ್ಲಿ ಅನುಸ್ವಾರ ಬಂದದ್ದು ಇನ್ನೊಂದು. 29ಕ್ಕೆ 4, ಅಂದರೆ ನೂರಕ್ಕೆ ಸುಮಾರು 14. ಕೇಳಲು ಸಣ್ಣ ಸಂಖ್ಯೆ. ಆದರೆ ಈ ಸಾಲಿನಲ್ಲಿ ಊರೂ ಸಿಗುವುದಿಲ್ಲ, ಹಣವೂ ಸರಿ ಬರುವುದಿಲ್ಲ.

ಈ ನಾಲ್ಕು ತಪ್ಪುಗಳ ಬೆನ್ನು ಹತ್ತಿ ಹೋದಾಗ ಒಂದೊಂದಕ್ಕೂ ಬೇರೆ ಬೇರೆ ಕಾರಣ ಸಿಕ್ಕಿತು.

'ಧ'ದ ತಪ್ಪಿಗೆ ಕಾರಣ ನಾನೇ. ಮೊಬೈಲಿನ ಸ್ಕ್ಯಾನ್ ಆ್ಯಪ್ ಹಾಳೆಯನ್ನು 'ಸ್ವಚ್ಛ' ಮಾಡಿ ಕಪ್ಪು-ಬಿಳುಪು ಚಿತ್ರ ಕೊಡುತ್ತಿತ್ತು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಹೊಟ್ಟೆ ಸೀಳಿದ ಧ ಎನ್ನುತ್ತಿದ್ದರಲ್ಲ, ಆ ಸೀಳು ಹಳೆಯ ಮೊಳೆಯಚ್ಚಿನಲ್ಲಿ ಕೂದಲಷ್ಟು ಸಣ್ಣದು. ಆ್ಯಪ್ ಅದನ್ನು ಕೊಳೆ ಎಂದು ಅಳಿಸಿತ್ತು. ಅಳಿಸಿದ್ದನ್ನು ಯಾವ ಮಾದರಿಯೂ ಓದಲಾರದು. ಫ್ಲ್ಯಾಟ್‌ಬೆಡ್ ಸ್ಕ್ಯಾನರಿನಲ್ಲಿ 300 ಡಿಪಿಐಗೆ, ಬೂದುಬಣ್ಣದಲ್ಲೇ ಮತ್ತೆ ಎಲ್ಲ ಪುಟ ಸ್ಕ್ಯಾನ್ ಮಾಡಿದೆ. ಇನ್ನೊಂದು ತೊಂದರೆ ಹಾಳೆಯ ಹಳದಿ. ಟೆಸರಾಕ್ಟ್ ಸಾಮಾನ್ಯವಾಗಿ ಇಡೀ ಪುಟಕ್ಕೆ ಒಂದೇ ಗೆರೆ ಎಳೆದು, ಅದಕ್ಕಿಂತ ಕಪ್ಪಾದದ್ದು ಮಸಿ, ಬೆಳ್ಳಗಿನದು ಕಾಗದ ಎಂದು ತೀರ್ಮಾನಿಸುತ್ತದೆ. ನಡುವೆ ಬಿಳಿ, ಮೂಲೆಯಲ್ಲಿ ಕಂದು ಇರುವ ಹಾಳೆಗೆ ಈ ಒಂದೇ ಅಳತೆ ಸಾಲದು. `thresholding_method=2` ಎಂದು ಕೊಟ್ಟರೆ ಸವೋಲಾ ವಿಧಾನ ಬಳಸುತ್ತದೆ. ಅದು ಪ್ರತಿ ಜಾಗಕ್ಕೂ ಸುತ್ತಲಿನ ಬೆಳಕು ನೋಡಿ ಬೇರೆ ಅಳತೆ ಹಿಡಿಯುತ್ತದೆ. ಮೂಲೆಯ ಸಾಲುಗಳು ಇದರಿಂದಲೇ ಬದುಕಿದವು.

'ವರ್ತಕ'ದಲ್ಲಿರುವುದು ಅರ್ಕಾವತ್ತು. ಕಂಪ್ಯೂಟರಿನೊಳಗೆ 'ರ್' ಮೊದಲು, 'ತ' ಆಮೇಲೆ. ಕಾಗದದ ಮೇಲೆ 'ತ' ಮೊದಲು, ಅದರ ಬಲಕ್ಕೆ ಅರ್ಕಾವತ್ತಿನ ಗುರುತು. ಮಸಿ ಹರಡಿದ ಅಚ್ಚಿನಲ್ಲಿ ಆ ಗುರುತು ಕನ್ನಡದ ಒಂಬತ್ತರಂತೆಯೇ ಕಾಣುತ್ತದೆ. ಹೀಗಾಗಿ ಮಾದರಿ ಒಮ್ಮೆ ಅದನ್ನು ಬಿಟ್ಟುಬಿಡುತ್ತಿತ್ತು, ಒಮ್ಮೆ ಪದದ ನಡುವೆ ೯ ಎಂದು ಬರೆಯುತ್ತಿತ್ತು. ಇದನ್ನು ಸ್ಕ್ಯಾನರಿನಿಂದ ಸರಿಪಡಿಸಲಾಗದು. ಈ ಅಚ್ಚುಮೊಳೆಯ ಗುರುತನ್ನು ಮಾದರಿಗೆ ಕಲಿಸಲೇಬೇಕು. ಅದೇ ಫೈನ್-ಟ್ಯೂನಿಂಗ್: ಕನ್ನಡ ಬಲ್ಲ ಮಾದರಿಯನ್ನು ಮೊದಲಿನಿಂದ ಕಟ್ಟದೆ, ಈ ಪುಸ್ತಕದ ಕೈಬರಹಕ್ಕೆ, ಅಲ್ಲ, ಅಚ್ಚಿಗೆ ಅದರ ಕಣ್ಣು ಒಗ್ಗಿಸುವುದು.

ಅದಕ್ಕೆ ಬೇಕಾದದ್ದು ಜೋಡಿಗಳು: ಒಂದು ಸಾಲಿನ ಚಿತ್ರ, ಅದೇ ಹೆಸರಿನ `.gt.txt` ಕಡತದಲ್ಲಿ ಆ ಸಾಲಿನ ಸರಿಯಾದ ಪಠ್ಯ. ನಾನು ಮತ್ತು ಮೂವರು ಗೆಳೆಯರು ಅಸರ್ ನಮಾಜಿನ ನಂತರ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು 400 ಸಾಲು ಟೈಪ್ ಮಾಡಿದೆವು. ಸಾಲು ಕತ್ತರಿಸುವಾಗ ಮೊದಲ ಪಾಠ ಸಿಕ್ಕಿತು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಕತ್ತರಿ ಸ್ವಲ್ಪ ಮೇಲೆ ಬಿದ್ದರೆ 'ಹುಬ್ಬಳ್ಳಿ' ಹೋಗಿ 'ಹುಬಳಿ'ಯಾಗುತ್ತದೆ, ಕತ್ತರಿಸಿದ ಒತ್ತುಗಳು ಕೆಳಗಿನ ಸಾಲಿನ ನೆತ್ತಿಯ ಮೇಲೆ ಕಸವಾಗಿ ಕೂಡುತ್ತವೆ. ಒಂದು ಸಾಲಿನಲ್ಲಿ ಒಂದೂ ಒತ್ತಕ್ಷರ ಬಾರದಿದ್ದರೆ ಮಾದರಿಯನ್ನು ಬೈಯುವ ಮೊದಲು ಸಾಲಿನ ಚಿತ್ರ ತೆರೆದು ನೋಡಬೇಕು.

ಎರಡನೆಯ ಪಾಠ ಇನ್ನೂ ಕಠಿಣ. ಪುಸ್ತಕದಲ್ಲಿ 'ವಿಜಾಪುರ' ಎಂದು ಅಚ್ಚಾಗಿದ್ದಲ್ಲಿ ನನ್ನ ಗೆಳೆಯ ತಪ್ಪು ತಿದ್ದುವ ಹುಮ್ಮಸ್ಸಿನಲ್ಲಿ 'ಬಿಜಾಪುರ' ಎಂದು ಟೈಪ್ ಮಾಡಿದ್ದ. ಚಿತ್ರದಲ್ಲಿ 'ವ' ತೋರಿಸಿ ಇದು 'ಬ' ಎಂದು ಹೇಳಿಕೊಟ್ಟರೆ ಮಾದರಿ ಅದನ್ನೇ ಕಲಿಯುತ್ತದೆ. ಕಾಗದದಲ್ಲಿ ಇದ್ದಂತೆಯೇ ಟೈಪ್ ಮಾಡುವುದು, ಅಚ್ಚಿನ ತಪ್ಪನ್ನೂ ಬಿಡದೆ, ಎಂದು ಗೋಡೆಗೆ ಚೀಟಿ ಅಂಟಿಸಿದೆವು. ಹುಳು ತಿಂದು ಅಕ್ಷರ ಹೋದ ಸಾಲುಗಳನ್ನು ತರಬೇತಿಯಿಂದ ತೆಗೆದೇಬಿಟ್ಟೆವು. ತೂತಿದ್ದಲ್ಲಿ ನಾವು ಊಹಿಸಿ ಬರೆದರೆ, ತೂತು ಕಂಡಾಗ ಊಹಿಸುವುದನ್ನೇ ನಾವು ಅದಕ್ಕೆ ಕಲಿಸಿದಂತೆ.

ಸೊನ್ನೆಯ ತಪ್ಪು ನಮ್ಮ ಟೈಪಿಂಗಿನಲ್ಲೂ ಇತ್ತು. ೦ ಮತ್ತು ಂ ಪರದೆಯ ಮೇಲೂ ಒಂದೇ ಥರ ಕಾಣುತ್ತವೆ, ಒಳಗಿನ ಸಂಕೇತ ಮಾತ್ರ ಬೇರೆ. ಕಣ್ಣಿನಿಂದ ಹಿಡಿಯಲು ಆಗದ್ದನ್ನು ಹಿಡಿಯಲು ಈ ನಾಲ್ಕು ಸಾಲು ಬರೆದೆ:

```python
import re, glob
for f in glob.glob("*.gt.txt"):
    s = open(f, encoding="utf-8").read()
    if re.search("[೦-೯]\u0c82|[\u0c85-\u0ccd]\u0ce6", s): print(f)
```

ಅಂಕಿಯ ಹಿಂದೆ ಅನುಸ್ವಾರ ಬಂದಿದ್ದರೆ ಅಥವಾ ಅಕ್ಷರದ ಹಿಂದೆ ಸೊನ್ನೆ ಬಂದಿದ್ದರೆ ಆ ಕಡತದ ಹೆಸರು ತೋರಿಸುತ್ತದೆ. ನಮ್ಮ ಕಡತಗಳ ಹೆಸರು ಸಾಲಾಗಿ ಇಳಿಯತೊಡಗಿದಾಗ ನಾಲ್ವರೂ ಮುಖ ಮುಖ ನೋಡಿಕೊಂಡೆವು.

ಆಮೇಲಿನ ಆಜ್ಞೆ ಚಿಕ್ಕದು:

```
make training MODEL_NAME=kan_hale START_MODEL=kan \
  TESSDATA=../tessdata_best LANG_TYPE=Indic MAX_ITERATIONS=10000
```

ಇಲ್ಲಿ `tessdata_best` ಎಂಬುದನ್ನು ಗಮನಿಸಿ. ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಇರುವುದು ವೇಗದ, ಕಿರಿದಾಗಿಸಿದ ಮಾದರಿ. ಅದು ಓದಬಲ್ಲದು, ಮುಂದೆ ಕಲಿಯಲಾರದು. ಅದನ್ನು ಕೊಟ್ಟು ಒಂದು ಸಂಜೆ ಪೂರ್ತಿ ಕಳೆದುಕೊಂಡಿದ್ದೇನೆ.

ತರಬೇತಿ ಮುಗಿದಾಗ ಪರದೆಯ ಮೇಲೆ ತಪ್ಪು ನೂರಕ್ಕೆ 2ರ ಆಸುಪಾಸು ಎಂದು ಬಂತು. ಕುಣಿದಾಡಿದೆವು. ಗಣಕ ವಿಜ್ಞಾನದ ಮೇಡಂ ಮಾತ್ರ "ಪರೀಕ್ಷೆಗೆ ಇಟ್ಟ ಸಾಲುಗಳು ಯಾವ ಪುಟದವು?" ಎಂದು ಕೇಳಿದರು. ತಂತ್ರಾಂಶ 400 ಸಾಲನ್ನು ಕಲಸಿ ಹತ್ತರಲ್ಲಿ ಒಂದು ಪಾಲನ್ನು ಪರೀಕ್ಷೆಗೆ ಇಡುತ್ತದೆ. ಅಂದರೆ ಒಂದೇ ಪುಟದ ಸಾಲುಗಳು ಎರಡೂ ಕಡೆ ಇರುತ್ತವೆ. ಆ ಪುಟದ ಮಸಿ, ಕಲೆ, ಮತ್ತೆ ಮತ್ತೆ ಬರುವ ಊರ ಹೆಸರು ಎಲ್ಲ ಮಾದರಿಗೆ ಆಗಲೇ ಗೊತ್ತು. ಪಾಠದಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟ ಹಾಗೆ. ತರಬೇತಿಗೆ ಮುಟ್ಟದ ಎರಡು ಪುಟಗಳಿಂದ 40 ಸಾಲು ಟೈಪ್ ಮಾಡಿ ಓದಿಸಿದಾಗ ತಪ್ಪು ನೂರಕ್ಕೆ 6ರ ಹತ್ತಿರ ಬಂತು. ಇನ್ನೊಂದೂ ತಿಳಿಯಿತು: 10000 ಸುತ್ತು ಕಲಿತ ಮಾದರಿಗಿಂತ 3000 ಸುತ್ತಿನ ಬಳಿ ಉಳಿಸಿದ್ದ ಮಾದರಿಯೇ ಈ 40 ಸಾಲನ್ನು ಚೆನ್ನಾಗಿ ಓದಿತು. ಹೆಚ್ಚು ಸುತ್ತಿದಂತೆ ಅದು ಅಕ್ಷರ ಕಲಿಯುವುದನ್ನು ಬಿಟ್ಟು ನಮ್ಮ 400 ಸಾಲನ್ನು ಬಾಯಿಪಾಠ ಮಾಡಿತ್ತು. ನಾವು 3000ದ್ದನ್ನೇ ಇಟ್ಟುಕೊಂಡೆವು.

ನೂರಕ್ಕೆ 6 ಎಂದರೆ ಪೀಠಿಕೆ ಓದಲು ಸಾಕು, ಯಾರೂ ದಾರಿ ತಪ್ಪುವುದಿಲ್ಲ. ಪಟ್ಟಿಗೆ ಸಾಲದು. ವಾಕ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಅಕ್ಕಪಕ್ಕದ ಪದ ಅರ್ಥ ಹೇಳುತ್ತದೆ. ಹೆಸರಿಗೆ ಅಕ್ಕಪಕ್ಕದ ಆಸರೆ ಇಲ್ಲ. ಟೆಸರಾಕ್ಟ್‌ಗೆ `tsv` ಎಂದು ಕೇಳಿದರೆ ಪ್ರತಿ ಪದಕ್ಕೂ ತನಗೆಷ್ಟು ಭರವಸೆ ಇದೆ ಎಂಬ ಅಂಕವನ್ನೂ ಕೊಡುತ್ತದೆ. ಕಡಿಮೆ ಅಂಕದ ಪದಗಳನ್ನು ಮೊದಲು ನೋಡಿದೆವು. ಆದರೆ ಪೂರ್ತಿ ಭರವಸೆಯಿಂದ ತಪ್ಪು ಓದಿದವೂ ಇದ್ದವು. ಹೆಸರುಗಳನ್ನು ಒಬ್ಬ ಕೂಗಿ, ಇನ್ನೊಬ್ಬ ಪುಟ ನೋಡಿ ಒಂದೊಂದಾಗಿ ತಾಳೆ ಹಾಕದೆ ಬೇರೆ ದಾರಿ ಇರಲಿಲ್ಲ.

ಅಂಕಿಗಳಿಗೆ ಮಾತ್ರ ಪುಸ್ತಕವೇ ಸಹಾಯ ಮಾಡಿತು. ಪ್ರತಿ ಪುಟದ ಕೆಳಗೆ ಆ ಪುಟದ ಮೊತ್ತ ಅಚ್ಚಾಗಿದೆ. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಕಂಪ್ಯೂಟರ್ ಓದಿದ್ದನ್ನು ಕೂಡಿಸಿ ಅಚ್ಚಾದ ಮೊತ್ತದ ಜೊತೆ ಹೋಲಿಸಿದೆವು. ಒಂದು ಪುಟದಲ್ಲಿ ಸರಿಯಾಗಿ 9 ರೂಪಾಯಿ ಕಡಿಮೆ ಬಂತು. ಹತ್ತರಲ್ಲಿ ಸೊನ್ನೆ ಬಿದ್ದುಹೋದರೆ ಉಳಿಯುವುದು ಒಂದು, ಕಳೆಯುವುದು ಒಂಬತ್ತು. ಹುಡುಕಿದರೆ ಇತ್ತು: ಹತ್ತು ರೂಪಾಯಿ ಕೊಟ್ಟವರೊಬ್ಬರ ಮುಂದೆ ೧-೦-೦. ಸೊನ್ನೆಯ ಮೇಲೆ ಕಾಗದ ಸವೆದು ಬಿಳಿಚಿತ್ತು. ಆದರೂ ಬೆಳಕಿಗೆ ಹಿಡಿದಾಗ ಮೊಳೆ ಒತ್ತಿದ ದುಂಡು ಗುರುತು ಕಾಗದದಲ್ಲಿ ಉಳಿದಿತ್ತು.

ಸರ್‌ಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಆ ಸಾಲನ್ನು ಹತ್ತಿರ ಹಿಡಿದು ನೋಡಿದರು. "ಆ ಕಾಲದ ಹತ್ತು ರೂಪಾಯಿ ಅಂದ್ರೆ ಎಷ್ಟು ದಿನದ ದುಡಿಮೆಯೋ. ಇದು ಅಮಾನತ್ ಕಣಪ್ಪಾ, ನಂಬಿ ಒಪ್ಪಿಸಿದ ವಸ್ತು. ಒಂದು ಸೊನ್ನೆನೂ ಕಳೆಯಬಾರದು" ಎಂದರು.

ಪಟ್ಟಿ ಈಗ ಗ್ರಂಥಾಲಯದ ಕಂಪ್ಯೂಟರಿನಲ್ಲಿದೆ. ಹೆಸರು ಟೈಪ್ ಮಾಡಿದರೆ ಸಾಲೂ, ಪಕ್ಕದಲ್ಲಿ ಆ ಸಾಲಿನ ಚಿತ್ರವೂ ಬರುತ್ತದೆ. ನಮ್ಮ ಓದನ್ನು ನಂಬದವರು ಚಿತ್ರ ನೋಡಿಕೊಳ್ಳಬಹುದು. ಹುಳು ತಿಂದ 11 ಹೆಸರುಗಳ ಜಾಗದಲ್ಲಿ [ಹರಿದಿದೆ] ಎಂದಷ್ಟೇ ಬರೆದಿದ್ದೇವೆ. ನಿಮ್ಮ ಮನೆಯ ಹಿರಿಯರಿಗೆ ಆ ಹೆಸರುಗಳಲ್ಲಿ ಯಾವುದಾದರೂ ನೆನಪಿದ್ದರೆ ಸರ್‌ಗೆ ತಿಳಿಸಿ. ಅದನ್ನು ಬೇರೆ ಬಣ್ಣದಲ್ಲಿ, ನೆನಪಿನಿಂದ ಬಂದದ್ದು ಎಂದು ಗುರುತು ಹಾಕಿ ಸೇರಿಸುತ್ತೇವೆ.